ಒಂದೊಂದೇ ಸಾಲು ಏರಿಸಿ ಬಿಲ್ ಪಿಡಿಎಫ್ ಪರೀಕ್ಷಿಸಿದ ನನ್ನ ಅನುಭವ

ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಮಾಡಿಕೊಟ್ಟಿದ್ದೆ. ಎಚ್‌ಟಿಎಂಎಲ್ ಬರೆದು ಕ್ರೋಮ್‌ನಿಂದ ಪಿಡಿಎಫ್ ತೆಗೆಯುವುದು, ಎಲ್ಲರೂ ಮಾಡುವ ಹಾಗೆಯೇ. 5, 50, 200 ಸಾಲಿನ ಬಿಲ್ ನೋಡಿ ಸರಿ ಇದೆ ಅಂದುಕೊಂಡೆ. ಆಮೇಲೆ 23 ಸಾಲಿನ ಬಿಲ್ ಒಂದರಲ್ಲಿ ಒಟ್ಟು ಮೊತ್ತ ಮಾತ್ರ ಒಂಟಿಯಾಗಿ ಎರಡನೇ ಪುಟಕ್ಕೆ ಹೋಯಿತು. ಮೊದಲ ಪುಟವಷ್ಟೇ ಪ್ರಿಂಟ್ ಆಗಿ ಗಿರಾಕಿಯ ಕೈ ಸೇರಿತು. ಆ ಜಗಳದಲ್ಲಿ ನನಗೆ ಬರಬೇಕಿದ್ದ ಸುಮಾರು 18 ಸಾವಿರ ಎರಡು ತಿಂಗಳು ನಿಂತಿತು.

ಮೊದಲು ಪುಟಗಳ ಚಿತ್ರ ತೆಗೆದು ಹಳೆಯದರ ಜೊತೆ ಹೋಲಿಸಿದೆ. ಫಾಂಟ್ ಚೂರು ಬದಲಾದರೂ ಎಲ್ಲವೂ ತಪ್ಪು ಅಂತ ಬರುತ್ತಿತ್ತು. ಮೂರು ವಾರ ಸುಮ್ನೆ ಹೋಯಿತು. ಕೊನೆಗೆ ಚಿತ್ರ ಬಿಟ್ಟು ಪದಗಳ ಜಾಗವನ್ನೇ ಓದಿದೆ:

```
pdftotext -bbox bill.pdf out.html
```

ಪ್ರತಿ ಪದದ `xMin`, `yMin`, `xMax`, `yMax` ಸಿಗುತ್ತದೆ. ಸಾಲುಗಳನ್ನು 1ರಿಂದ 80ರವರೆಗೆ ಒಂದೊಂದೇ ಏರಿಸಿದೆ. ಸಾಲಿನಲ್ಲಿ ಬರುವ ಸಾಮಾನಿನ ಹೆಸರು ಮೂರು ಥರ: ಗಿಡ್ಡದು, ಮೂರು ಸಾಲಿಗೆ ಮಡಚುವಂಥದ್ದು, ನಡುವೆ ಜಾಗವೇ ಇಲ್ಲದ 60 ಅಕ್ಷರದ್ದು. ಒಟ್ಟು 240 ಪಿಡಿಎಫ್. "ಇಷ್ಟೆಲ್ಲ ಯಾಕೆ ಮಾರಾಯ, ಹತ್ತು ಸಾಕಲ್ವಾ" ಎಂದರು ಜೊತೆಯವರು. ಆದರೆ ಪುಟ ತುಂಬುವ ಅಂಚಿನ ಒಂದೆರಡು ಸಂಖ್ಯೆಯಲ್ಲಿ ಮಾತ್ರ ಮುರಿಯುತ್ತದೆ, 22ರಲ್ಲೂ ಇಲ್ಲ, 25ರಲ್ಲೂ ಇಲ್ಲ. ಹತ್ತು ಬಿಲ್‌ನಲ್ಲಿ ಅದು ಸಿಗುವುದಿಲ್ಲ. ಪ್ರತಿ ಪಿಡಿಎಫ್‌ಗೂ ಕ್ರೋಮ್ ಹೊಸದಾಗಿ ತೆರೆದಾಗ 240ಕ್ಕೂ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು, ಒಂದನ್ನೇ ತೆರೆದಿಟ್ಟುಕೊಂಡಾಗ ನಾಲ್ಕು.

ಯಾವ ಸಾಲು ಎಲ್ಲಿ ಬಿತ್ತು ಅಂತ ತಿಳಿಯಲು ಗುರುತು ಹಾಕಿದೆ: 17ನೇ ಸಾಲಾದರೆ ಹೆಸರಿನ ತಲೆಗೆ `R017`, ಬಾಲಕ್ಕೆ `E017` ಅಂಟಿಸಿದೆ. ಎರಡೂ ಒಂದೊಂದೇ ಸಲ, ಒಂದೇ ಪುಟದಲ್ಲಿ ಸಿಗಬೇಕು. ಬೇರೆ ಪುಟದಲ್ಲಿ ಸಿಕ್ಕರೆ ಸಾಲು ನಡುವೆ ತುಂಡಾಗಿದೆ ಅಂತ ಅರ್ಥ. ಬಾಲದ ಮುಂದೆ ಒಂದು ಜಾಗ ಬಿಡಿ. ಬಿಡದೆ ಹೋದಾಗ `E0` ಒಂದು ಸಾಲಿಗೆ, `17` ಇನ್ನೊಂದಕ್ಕೆ ಬಿದ್ದು ಇಲ್ಲದ ತಪ್ಪು ತೋರಿಸಿ ನನ್ನ ಒಂದು ರಾತ್ರಿ ತಿಂದಿತು. ಹೆಸರಿನ `xMax` ಪಕ್ಕದ ಎಚ್‌ಎಸ್‌ಎನ್ ಕಾಲಂನ `xMin` ದಾಟಿದರೆ ಅಕ್ಷರದ ಮೇಲೆ ಅಕ್ಷರ ಬಿದ್ದಿದೆ. 60 ಅಕ್ಷರದ್ದು ದಾಟಿಯೇ ದಾಟಿತು, `overflow-wrap: anywhere` ಹಾಕಿದ ಮೇಲೆ ನಿಂತಿತು. ಕೊನೆಯ ಸಾಲನ್ನೂ ಒಟ್ಟು ಮೊತ್ತವನ್ನೂ ಸೇರಿಸಿ ಬೇರೆಯದೇ ಒಂದು `tbody`ಗೆ ಹಾಕಿ ಅದಕ್ಕೆ `break-inside: avoid` ಕೊಟ್ಟೆ. ಆ ಒಂಟಿ ಮೊತ್ತದ ಕಾಟ ಹೋಯಿತು.

ನಡುವೆ ಕನ್ನಡ ಹೆಸರುಗಳನ್ನೂ ಹಾಕಿ ನೋಡಿದೆ. ಪುಟದಲ್ಲಿ ಚೆನ್ನಾಗಿಯೇ ಕಾಣುತ್ತದೆ, ಹೊರತೆಗೆದ ಪಠ್ಯದಲ್ಲಿ ಒತ್ತಕ್ಷರ ಹಿಂದುಮುಂದಾಗುತ್ತದೆ. ಅದಕ್ಕೇ ಗುರುತುಗಳನ್ನು ಇಂಗ್ಲಿಷ್‌ನಲ್ಲೇ ಇಟ್ಟೆ.

ಮೊದಲ ಓಟದಲ್ಲಿ 240ರಲ್ಲಿ ತೊಂಬತ್ತರ ಹತ್ತಿರ ಕೆಟ್ಟಿದ್ದವು, ಈಗ ಸೊನ್ನೆ. ಅಂಗಡಿಯವರ ಹಳೇ ಬಿಲ್‌ಗಳಿಂದ ಅತಿ ಕೆಟ್ಟ ಹೆಸರುಗಳನ್ನು ಆರಿಸುವ ಒಂದು ಉಪಾಯವೂ ಇದೆ, ಅದು ನನ್ನ ಹತ್ತಿರವೇ ಇರಲಿ. ಹತ್ತು ಸಾಕು ಎಂದಿದ್ದವರು ಹೋದ ವಾರ ಈ ಸ್ಕ್ರಿಪ್ಟ್ ಕೇಳಿ ಪಡೆದರು.