ಏಳನೆಯಿಂದ ಎಂಟನೆಗೆ: ಊಟದ ಬಿಡುವಿಗೂ ತಯಾರಿ ಬೇಕು

ನಮ್ಮ ಕಡೆ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಹೆಚ್ಚಾಗಿ ಏಳನೇ ತರಗತಿಗೆ ಮುಗಿಯುತ್ತದೆ. ಎಂಟನೇ ತರಗತಿಗೆ ಕೆಲವರು ಹೋಬಳಿಯ ಸರ್ಕಾರಿ ಹೈಸ್ಕೂಲಿಗೆ ಸೇರುತ್ತಾರೆ, ಕೆಲವರು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗೆ, ಒಬ್ಬಿಬ್ಬರು ಹಾಸ್ಟೆಲ್‌ಗೆ. ಒಂದನೇ ತರಗತಿಯಿಂದ ಒಟ್ಟಿಗೆ ಕೂತವರು ಒಂದೇ ಬೇಸಿಗೆ ರಜೆಯಲ್ಲಿ ಚದುರಿಹೋಗುತ್ತಾರೆ. ಮನೆಯವರು ಆಗ ಗಣಿತಕ್ಕೂ ಇಂಗ್ಲಿಷಿಗೂ ಟ್ಯೂಷನ್ ಹುಡುಕುತ್ತಾರೆ. ಏಳನೇ ತರಗತಿಯ ಮಕ್ಕಳನ್ನು ಕಳಿಸಿಕೊಡುವ ಕೆಲಸದಲ್ಲಿ ನಾನು ಕಂಡುಕೊಂಡದ್ದು ಬೇರೆ: ಜೂನ್‌ನಲ್ಲಿ ಮಗುವನ್ನು ಹೆಚ್ಚು ಕಾಡುವುದು ಪಾಠದ ಹೊತ್ತಿಗಿಂತ ಊಟದ ಬಿಡುವು. ಪಾಠಕ್ಕೆ ಬೆಂಚು ಗೊತ್ತಿರುತ್ತದೆ. ತಟ್ಟೆ ಹಿಡಿದು ಯಾರ ಪಕ್ಕ ಕೂರಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ.

ತಯಾರಿಯನ್ನು ನಾವು ಫೆಬ್ರವರಿಯಲ್ಲೇ ಶುರು ಮಾಡುತ್ತೇವೆ. ಮೊದಲು ಹೆಸರು ಬರೆಯದ ಚೀಟಿ. 'ಹೈಸ್ಕೂಲು ಅಂದ್ರೆ ಏನು ಭಯ?' ಎಂದು ಬಾಯಲ್ಲಿ ಕೇಳಿದರೆ ಎಲ್ಲರೂ 'ಏನಿಲ್ಲ ಮಿಸ್' ಅನ್ನುತ್ತಾರೆ. ಚೀಟಿಯಲ್ಲಿ ಬರೆಯಲು ಹೇಳಿದರೆ ನಿಜ ಹೊರಬರುತ್ತದೆ: ಬಸ್ ತಪ್ಪಿದ್ರೆ ಏನು ಮಾಡೋದು, ದೊಡ್ಡ ಹುಡುಗರು ಹೊಡೀತಾರಾ, ಶೌಚಾಲಯಕ್ಕೆ ಬಾಗಿಲಿದೆಯಾ, ತರಗತಿಯಲ್ಲಿದ್ದಾಗ ಮುಟ್ಟಾದ್ರೆ ಯಾರನ್ನ ಕೇಳೋದು, ಅವಳು ಬೇರೆ ಸೆಕ್ಷನ್‌ಗೆ ಹೋದ್ರೆ? ಇವುಗಳಲ್ಲಿ ಮುಕ್ಕಾಲು ಪಾಲು ಹೋಗಿ ನೋಡಿದರೆ ಉತ್ತರ ಸಿಗುವ ಪ್ರಶ್ನೆಗಳು. ಹಾಗಾಗಿ ಮಾರ್ಚ್ ಪರೀಕ್ಷೆಗೆ ಮುಂಚೆ ಮಕ್ಕಳನ್ನು ಹೈಸ್ಕೂಲಿಗೆ ಕರೆದುಕೊಂಡು ಹೋಗುತ್ತೇವೆ.

ಈ ಭೇಟಿ ಕೆಡುವುದು ಒಂದೇ ಕಾರಣಕ್ಕೆ. ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿ ಭಾಷಣ ಮಾಡಿ ಕಳಿಸಿದರೆ ಅವರು ಚೀಟಿಯಲ್ಲಿ ಬರೆದ ಒಂದು ಪ್ರಶ್ನೆಗೂ ಉತ್ತರ ಸಿಕ್ಕಿರುವುದಿಲ್ಲ. ಅದಕ್ಕೇ ಶಾಲೆ ಮಾಮೂಲಿಯಾಗಿ ನಡೆಯುವ ದಿನ, ಊಟದ ಬಿಡುವಿಗೆ ಅರ್ಧ ಗಂಟೆ ಮೊದಲು ಹೋಗುತ್ತೇವೆ. ನಮ್ಮ ಶಾಲೆಯಿಂದಲೇ ಹಿಂದಿನ ವರ್ಷ ಹೋದ ಇಬ್ಬರು ಮೂವರು ಮಕ್ಕಳಿಗೆ ತಲಾ ನಾಲ್ಕು ಜನರನ್ನು ಒಪ್ಪಿಸಿ ಶಿಕ್ಷಕರು ದೂರ ನಿಲ್ಲುತ್ತೇವೆ. ಗೇಟು, ಎಂಟನೇ ತರಗತಿಯ ಕೋಣೆ, ಕುಡಿಯುವ ನೀರು, ಶೌಚಾಲಯ, ಅಡುಗೆ ಕೋಣೆ, ಕೊನೆಗೆ ಬಸ್ ನಿಲ್ದಾಣ. ಹೆಣ್ಣುಮಕ್ಕಳಿಗೆ ಪ್ಯಾಡ್ ಯಾವ ಶಿಕ್ಷಕಿಯ ಬಳಿ ಇರುತ್ತದೆ ಎಂದು ಆ ಶಿಕ್ಷಕಿಯನ್ನೇ ತೋರಿಸಿ ಹೇಳಿಸುತ್ತೇವೆ. ಊಟವನ್ನು ಅಲ್ಲಿಯ ಮಕ್ಕಳ ಸಾಲಿನಲ್ಲೇ ಮಾಡಬೇಕು.

ಬಸ್ಸಿನ ಅಭ್ಯಾಸ ಮನೆಯವರದ್ದು. ಮೇ ಕೊನೆಯ ವಾರದಲ್ಲಿ ಮೂರು ಸಲ ಹೋಗಿಬಂದರೆ ಸಾಕು: ಮೊದಲ ಸಲ ಪಕ್ಕದಲ್ಲಿ ಕೂತು, ಎರಡನೆಯ ಸಲ ಹಿಂದಿನ ಸೀಟಿನಲ್ಲಿ ಕೂತು, ಮೂರನೆಯ ಸಲ ಮಗು ಒಂದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆದರೆ ಗುರುತಿನ ಚೀಟಿ ಬ್ಯಾಗಿನಲ್ಲಿರಬೇಕು. ಹುಡುಗರಿಗೆ ಪಾಸ್ ಬೇಕು. ಅದು ಶಾಲೆ ಶುರುವಾದ ದಿನವೇ ಕೈಗೆ ಬರುವುದಿಲ್ಲ, ಹಾಗಾಗಿ ಮೊದಲ ವಾರಗಳ ಟಿಕೆಟ್ ಹಣ ತೆಗೆದಿಡಿ. ಎರಡು ಫೋನ್ ನಂಬರ್ ಬಾಯಿಪಾಠ ಆಗಿರಲಿ, ಬಸ್ ತಪ್ಪಿದರೆ ಯಾವ ಅಂಗಡಿಯ ಮುಂದೆ ನಿಲ್ಲಬೇಕು ಎಂದು ಮೊದಲೇ ಮಾತಾಗಿರಲಿ.

ಇನ್ನು ಗೆಳೆತನ. ಏಪ್ರಿಲ್‌ನಲ್ಲಿ ಪ್ರತಿ ಮಗುವನ್ನು ಒಬ್ಬೊಬ್ಬರಾಗಿ ಕರೆದು, ಹೊಸ ಶಾಲೆಯಲ್ಲಿ ಜೊತೆಗಿದ್ದರೆ ಧೈರ್ಯ ಅನ್ನಿಸುವ ಇಬ್ಬರ ಹೆಸರು ಬರೆಸಿಕೊಳ್ಳುತ್ತೇನೆ. ಟಿ.ಸಿ. ಜೊತೆಗೆ ಆ ಪಟ್ಟಿಯನ್ನೂ ಹೈಸ್ಕೂಲಿನ ಮುಖ್ಯ ಶಿಕ್ಷಕರಿಗೆ ಕೊಟ್ಟು, ಸೆಕ್ಷನ್ ಮಾಡುವಾಗ ಇಬ್ಬರಲ್ಲಿ ಒಬ್ಬರನ್ನಾದರೂ ಜೊತೆಗೆ ಇಡಿ ಎಂದು ಕೇಳುತ್ತೇವೆ. ಇಡೀ ಗುಂಪನ್ನು ಒಟ್ಟಿಗೆ ಇಡಿ ಎಂದು ಕೇಳುವುದಿಲ್ಲ. ಗುಂಪು ಪೂರ್ತಿ ಜೊತೆಗಿದ್ದರೆ ಮಕ್ಕಳು ಹೊಸಬರ ಕಡೆ ತಿರುಗಿಯೂ ನೋಡುವುದಿಲ್ಲ, ಆಮೇಲೆ ಗುಂಪಿನೊಳಗೆ ಜಗಳವಾಗಿ ಒಂದು ಮಗು ಹೊರಗೆ ಬಿದ್ದರೆ ಅದಕ್ಕೆ ಬೇರೆ ಜಾಗವೇ ಇರುವುದಿಲ್ಲ.

ಪಟ್ಟಿ ಕೊಟ್ಟರೂ ಕೆಲವೊಮ್ಮೆ ತಪ್ಪಿಹೋಗುತ್ತದೆ. ಪದೇ ಪದೇ ಕಾಣುವ ಪ್ರಸಂಗ ಹೀಗಿರುತ್ತದೆ. ಮೂವರು ಗೆಳತಿಯರು. ಒಬ್ಬಳು ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋದಳು. ಉಳಿದಿಬ್ಬರು ಒಂದೇ ಹೈಸ್ಕೂಲು, ಆದರೆ ಒಬ್ಬಳು ಎ ಸೆಕ್ಷನ್, ಇನ್ನೊಬ್ಬಳು ಬಿ. ಜೂನ್ ತಿಂಗಳೆಲ್ಲ ಊಟಕ್ಕೆ ಒಬ್ಬರನ್ನೊಬ್ಬರು ಕಾಯುತ್ತಾರೆ. ಜುಲೈಗೆ ಬಿ ಸೆಕ್ಷನ್ನಿನವಳಿಗೆ ಹೊಸ ಗೆಳತಿಯರು ಸಿಕ್ಕಿ, ಕಾಯುವುದು ನಿಲ್ಲುತ್ತದೆ. ಎ ಸೆಕ್ಷನ್ನಿನವಳು ಮನೆಯಲ್ಲಿ ಹೇಳುವುದು ಒಂದೇ ಮಾತು: 'ಅವಳು ನನ್ನ ಬಿಟ್ಳು.' ಇಲ್ಲಿ ದೊಡ್ಡವರು ಎರಡು ತಪ್ಪು ಮಾಡುತ್ತಾರೆ. 'ಬಿಡೇ, ಬೇರೆಯವರು ಸಿಗ್ತಾರೆ' ಅನ್ನುತ್ತಾರೆ. ಆಗ ಮಗು ಮತ್ತೆ ಆ ವಿಷಯ ತೆಗೆಯುವುದೇ ಇಲ್ಲ. ಅಥವಾ ಆ ಹುಡುಗಿಯ ತಾಯಿಗೆ ಫೋನ್ ಮಾಡುತ್ತಾರೆ. ಆಗ ಅವಳು ಬೈಸಿಕೊಂಡು ಒಂದು ದಿನ ಜೊತೆಗೆ ಕೂತು, ಮರುದಿನದಿಂದ ಇನ್ನಷ್ಟು ದೂರ ಹೋಗುತ್ತಾಳೆ.

ಇಂಥಲ್ಲಿ ನಾವು ಹಳೆಯ ಗೆಳೆತನವನ್ನು ಶಾಲೆಯ ಹೊರಗೆ ಉಳಿಸಲು ನೋಡುತ್ತೇವೆ, ಶಾಲೆಯೊಳಗೆ ಹೊಸ ಜಾಗ ಹುಡುಕುತ್ತೇವೆ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಮೂವರೂ ಒಬ್ಬರ ಮನೆಯಲ್ಲಿ ಸೇರಲಿ, ಕೈಗೆ ಒಂದು ಕೆಲಸವಿರಲಿ: ಹಿಂದಿ ಹೋಂವರ್ಕೋ, ಜಡೆ ಹೆಣೆಯುವುದೋ, ಕುಂಟೆಬಿಲ್ಲೆಯೋ. ಸುಮ್ಮನೆ ಮಾತಾಡಿ ಎಂದು ಕೂರಿಸಿದರೆ 'ನೀನ್ಯಾಕೆ ಕಾಯಲಿಲ್ಲ' ಎಂಬ ಜಗಳಕ್ಕೇ ಬಂದು ನಿಲ್ಲುತ್ತದೆ.

ಹೊಸ ಜಾಗಕ್ಕೆ ಒಂದು ವಾಕ್ಯದ ತಾಲೀಮು ಬೇಕು. 'ನಾನೂ ಬರ್ಲಾ?' ಎಂದು ಕೇಳಿದರೆ 'ಬೇಡ' ಎನ್ನುವುದು ಸುಲಭ. ಅದರ ಬದಲು ಬಿಡುವಿಗೆ ಸ್ವಲ್ಪ ಮೊದಲು ಪಕ್ಕದ ಬೆಂಚಿನವಳನ್ನು 'ಸಮಾಜದ ನೋಟ್ಸ್ ಎಲ್ಲೀವರೆಗೆ ಬರೆಸಿದ್ರು?' ಎಂದು ಕೇಳಲಿ, ಮಾತು ಮುಗಿಯುವ ಮೊದಲೇ ಅವಳ ಜೊತೆ ತಟ್ಟೆ ತೊಳೆಯಲು ನಲ್ಲಿಯ ಕಡೆ ನಡೆಯಲಿ. ನಾಲ್ಕೈದು ಜನರ ಗುಂಪಿಗಿಂತ ಒಂಟಿಯಾಗಿ ಅಥವಾ ಇಬ್ಬರೇ ಕೂತವರನ್ನು ಆರಿಸಲಿ. ಈ ವಾಕ್ಯವನ್ನು ಏಳನೇ ತರಗತಿಯಲ್ಲೇ ಜೋಡಿ ಮಾಡಿ ಆಡಿಸುತ್ತೇವೆ. ಮೊದಮೊದಲು ನಗುತ್ತಾರೆ, ಆಮೇಲೆ ಗಂಭೀರವಾಗಿ ಮಾಡುತ್ತಾರೆ. ಮನೆಯವರು ಸಂಜೆ 'ಸ್ಕೂಲ್ ಹೇಗಿತ್ತು?' ಎನ್ನುವ ಬದಲು 'ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ ಪುಟ್ಟಿ?' ಎಂದು ಕೇಳಿ. ವಾರವಿಡೀ ಉತ್ತರದಲ್ಲಿ ಒಂದು ಹೆಸರೂ ಬರದಿದ್ದರೆ ತರಗತಿ ಶಿಕ್ಷಕರನ್ನು ನೋಡಿ, ಜಾಗ ಬದಲಿಸಲು ಕೇಳಿ.

ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠಗಳನ್ನು ನೆನಪಿಸುವ ಸೇತುಬಂಧದ ಬಗ್ಗೆಯೂ ಮಗುವಿಗೆ ಮೊದಲೇ ಹೇಳಿಡಿ. ಶುರುವಿನ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಮಕ್ಕಳು ಕುಗ್ಗುತ್ತಾರೆ. ಯಾರಿಗೆ ಏನು ಮರೆತಿದೆ ಎಂದು ಶಿಕ್ಷಕರು ತಿಳಿಯುವುದಕ್ಕಾಗಿ ಮಾತ್ರ ಆ ಪರೀಕ್ಷೆ.

ಮೊದಲ ಮೂರು ನಾಲ್ಕು ವಾರ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ರಾತ್ರಿ ಅಳು ಇದ್ದರೆ ಗಾಬರಿ ಬೇಡ. ನೋವು ಸುಳ್ಳಲ್ಲ, ಭಯಕ್ಕೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಜ್ವರ, ವಾಂತಿ, ಭೇದಿ ಇಲ್ಲದಿದ್ದರೆ ಮತ್ತು ನೋವು ಹತ್ತೂವರೆಗೆಲ್ಲ ಕಡಿಮೆಯಾಗುತ್ತಿದ್ದರೆ ಶಾಲೆಗೆ ಕಳಿಸಿ. ಮನೆಯಲ್ಲಿ ಉಳಿಸಿಕೊಂಡರೆ ಆ ದಿನ ನೆಮ್ಮದಿ ಸಿಗುತ್ತದೆ, ಮಾರನೆಯ ದಿನದ ಭಯ ಎರಡರಷ್ಟಾಗುತ್ತದೆ. ತೀರಾ ಕಷ್ಟವಾದರೆ ಮೊದಲ ಪೀರಿಯಡ್ ಮುಗಿದ ಮೇಲಾದರೂ ಬಿಟ್ಟುಬನ್ನಿ. ಮಗು ಬೆಳಗಿನಿಂದ ನೀರು ಕುಡಿಯದೆ ಸಂಜೆ ಮನೆಗೆ ಬಂದೊಡನೆ ಬಚ್ಚಲಿಗೆ ಓಡುತ್ತಿದ್ದರೆ ಭಯ ಶೌಚಾಲಯದ್ದು. ಯಾರೋ ಒಬ್ಬರ ಹೆಸರು ಹೇಳಿ 'ಹೊಡೀತಾನೆ', 'ಮುಟ್ತಾನೆ' ಅಂದರೆ ಅದು ಹೊಸ ಶಾಲೆಯ ಅಂಜಿಕೆಯಲ್ಲ. ಅದೇ ದಿನ ಮುಖ್ಯ ಶಿಕ್ಷಕರ ಬಳಿ ಹೋಗಿ, ಅಲ್ಲಿ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಸ್ವಾತಂತ್ರ್ಯ ದಿನ ಕಳೆದರೂ ಮಗು ಶಾಲೆ ತಪ್ಪಿಸುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಇನ್ನು ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡುವ ಮೊದಲು ಮಗು ಯಾವ ಯಾವ ದಿನ ಶಾಲೆಗೆ ಹೋಗಲಿಲ್ಲ, ಆ ದಿನ ಏನು ಹೇಳಿತು ಎಂದು ಬರೆದಿಟ್ಟುಕೊಂಡಿರಿ, ಅವರು ಮೊದಲು ಕೇಳುವುದು ಅಂಥ ವಿವರಗಳನ್ನೇ.