‘ಟೀ ಬೇಡವೇ?’ ಎಂದು ಕೇಳಿದರೆ ಹೌದೋ, ಇಲ್ಲವೋ: ಬೆಂಗಳೂರಿಗೆ ಬಂದ ಹೊಸಬರಿಗೆ ಮಾರ್ಗದರ್ಶಿ

ಊರಿನಿಂದ ಬೆಂಗಳೂರಿಗೆ ಬಂದು ನೆಲೆಸುತ್ತಿರುವ ನಮ್ಮ ಕುಟುಂಬಗಳಿಗೆ ಶಾಲೆ, ಕಚೇರಿ, ಆಸ್ಪತ್ರೆಗಳಲ್ಲಿ ಇಂಗ್ಲಿಷ್ ಎದುರಾದಾಗ, ಉದ್ದನೆಯ ವಾಕ್ಯಗಳಿಗಿಂತ ‘ಯೆಸ್’, ‘ನೋ’ ಎಂಬ ಎರಡು ಸಣ್ಣ ಮಾತುಗಳೇ ಹೆಚ್ಚು ಎಡವಿಸುತ್ತವೆ.

‘ಟೀ ಬೇಡವೇ?’ ಎಂದು ಕೇಳಿದವರಿಗೆ, ಬೇಡವಾಗಿದ್ದರೆ ನಾವು ‘ಹೌದು, ಬೇಡ’ ಎನ್ನುತ್ತೇವೆ. ಬೇಕಿದ್ದರೆ ‘ಇಲ್ಲ ಇಲ್ಲ, ಕೊಡಿ’ ಎನ್ನುತ್ತೇವೆ. ಕೇಳಿದವರ ಊಹೆ ಸರಿಯೋ ತಪ್ಪೋ ಎಂಬುದಕ್ಕೆ ನಮ್ಮ ಉತ್ತರ. ಜಪಾನೀಯರೂ ಹೀಗೆಯೇ ಉತ್ತರಿಸುತ್ತಾರೆ, ಆದ್ದರಿಂದ ಇಂಗ್ಲಿಷಿನಲ್ಲಿಯೂ ಹೀಗೆ ಉತ್ತರಿಸಿದ್ದನ್ನು ಅರೆಬರೆ ಇಂಗ್ಲಿಷ್ ಎಂದು ಯಾರಾದರೂ ಹೀಯಾಳಿಸಿದರೆ ತಲೆತಗ್ಗಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಪ್ರಶ್ನೆ ಹೇಗೇ ಇರಲಿ, ಬೇಕಿದ್ದರೆ ‘ಯೆಸ್’, ಬೇಡವಾದರೆ ‘ನೋ’.

ಆಸ್ಪತ್ರೆಯಲ್ಲಿ ಇದು ಚಹಾದಷ್ಟು ಹಗುರವಾದ ವಿಷಯವಲ್ಲ. ಪೆನಿಸಿಲಿನ್ ಒಗ್ಗದ ಮಗುವಿನ ತಾಯಿಯನ್ನು ನರ್ಸ್ ‘ನೋ ಅಲರ್ಜೀಸ್?’ ಎಂದು ಕೇಳಿದರೆನ್ನಿ. ‘ಇಲ್ಲ, ಅಲರ್ಜಿ ಇದೆ’ ಎಂದು ಕನ್ನಡದಲ್ಲಿ ಯೋಚಿಸುವ ತಾಯಿ ಗಾಬರಿಯಲ್ಲಿ ‘ನೋ ನೋ’ ಎಂದರೆ, ಅಲರ್ಜಿ ಇಲ್ಲವೆಂದೇ ಫೈಲಿನಲ್ಲಿ ದಾಖಲಾಗುತ್ತದೆ. ಅಲರ್ಜಿ ಇದೆಯೆಂದು ಅವರಿಗೆ ಅರ್ಥವಾಗಿದ್ದರೆ ‘ಯಾವ ಔಷಧಿಗೆ?’ ಎಂದು ಮರುಕ್ಷಣವೇ ಕೇಳುತ್ತಾರೆ. ಹಾಗೆ ಕೇಳದೆ ಮುಂದಿನ ಪ್ರಶ್ನೆಗೆ ಹೋದರೆ ಅಲ್ಲಿಯೇ ತಡೆಯಿರಿ. ‘ಶೀ ಹ್ಯಾಸ್ ಪೆನಿಸಿಲಿನ್ ಅಲರ್ಜಿ’ ಎಂದು ಪೂರ್ತಿ ವಾಕ್ಯದಲ್ಲಿ ಹೇಳಿ, ಬರೆದದ್ದನ್ನು ಓದಿ ಹೇಳಲು ಕೇಳಿ. ಸಂಕೋಚದಿಂದ ಸುಮ್ಮನೆ ತಲೆಯಾಡಿಸುವ ಅಭ್ಯಾಸವನ್ನು ನಮ್ಮವರು ಇಲ್ಲಿಯಾದರೂ ದಯವಿಟ್ಟು ಬಿಡಬೇಕು.

ಇಂಗ್ಲಿಷಿನಲ್ಲಿ ಯೋಚಿಸುತ್ತ ಕನ್ನಡ ಕಲಿಯುತ್ತಿರುವ ನೆರೆಮನೆಯವರಿಗೆ ಇದೇ ತೊಡಕು ತಿರುಗುಮುರುಗಾಗಿ ಬರುತ್ತದೆ. ‘ಟೀ ಬೇಡವೇ?’ ಎಂದಾಗ ಅವರು ‘ಹೌದು’ ಎಂದರೆ, ಟೀ ಬೇಕೆಂದೇ ಅವರ ಅರ್ಥವಿರಬಹುದು. ಅದೂ ಅಲ್ಲದೆ ನಮ್ಮ ಭಾಷೆಯಲ್ಲಿಯೂ ನಿಯಮ ಎಲ್ಲೆಡೆ ಒಂದೇ ರೀತಿ ನಡೆಯುವುದಿಲ್ಲ. ‘ಊಟ ಆಗಿಲ್ಲವೇ?’ ಎಂದರೆ ‘ಹೂಂ, ಆಗಿಲ್ಲ’ ಎನ್ನುವಂತೆಯೇ ‘ಇಲ್ಲ’ ಎಂದೂ ಹೇಳುತ್ತೇವೆ, ಎರಡರ ಅರ್ಥವೂ ಒಂದೇ. ಇಲ್ಲಿನ ‘ಇಲ್ಲ’ ಪ್ರಶ್ನೆಯಲ್ಲಿದ್ದ ಕ್ರಿಯಾಪದವನ್ನೇ ಮರಳಿ ಹೇಳಿದ್ದು. ‘ನೀವು ಹಾಸನದವರಲ್ಲವೇ?’ ಎಂಬುದಕ್ಕೆ ‘ಹೌದು’ ಎಂದರೆ ಹಾಸನದವರೆಂದೇ ಅರ್ಥ, ಏಕೆಂದರೆ ಕೇಳಿದವರ ಊಹೆಯೂ ಅದೇ ಆಗಿತ್ತು.

ಇದನ್ನು ಬಿಡಿಸಿ ಹೇಳದೆ ಅವರ ಕನ್ನಡಕ್ಕೆ ನಗುವುದು ನಮಗೆ ಶೋಭಿಸದು. ‘ಹೌದು’, ‘ಇಲ್ಲ’ಗಳನ್ನು ಬಿಟ್ಟು ‘ಬೇಕು’, ‘ಬೇಡ’, ‘ಆಯಿತು’, ‘ಆಗಿಲ್ಲ’ ಎಂದು ಕ್ರಿಯಾಪದದಲ್ಲಿಯೇ ಉತ್ತರಿಸಲು ಅವರಿಗೆ ಕಲಿಸಿರಿ. ಮನೆಗೆ ಬಂದವರನ್ನು ಕೇಳುವಾಗ ನೀವೂ ‘ಟೀ ಬೇಡವೇ?’ ಎನ್ನದೆ ‘ಟೀ ಕುಡಿಯುತ್ತೀರಾ?’ ಎನ್ನಿರಿ.