ಅಬ್ಬಿ ನೀರು ರಾತ್ರಿ ಯಾಕೆ ನಿಲ್ಲುತ್ತದೆ: ಮಕ್ಕಳ ಪತ್ತೇದಾರಿ ಕಥೆಗೆ ಸುಳಿವು ಹೆಣೆದ ಬಗೆ

ಸಾಗರದ ಕಡೆಯ ಒಂದು ಒಂಟಿಮನೆ, ಬೇಸಿಗೆ ರಜೆ, ಅಜ್ಜನ ಮನೆಯಲ್ಲಿ ಸೇರಿದ ಮೂವರು ಮಕ್ಕಳು. 9ರಿಂದ 12 ವರ್ಷದವರಿಗೆಂದು ಬರೆದ ಈ ಕಥೆ 12 ಅಧ್ಯಾಯದ್ದು, ಅಧ್ಯಾಯಕ್ಕೆ ಸುಮಾರು 1200 ಪದ. ರಹಸ್ಯ ಇಷ್ಟೇ: ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದುಬರುವ ನೀರು ಹಗಲೆಲ್ಲ ಸರಿಯಾಗಿ ಬರುತ್ತದೆ, ರಾತ್ರಿ ಮಾತ್ರ ನಿಲ್ಲುತ್ತದೆ.

ಮೊದಲು ಯೋಚಿಸಿದ್ದು ಅಟ್ಟದ ಮೇಲಿನ ಅಡಿಕೆ ಮೂಟೆಯ ಕಳ್ಳತನ. ಎರಡು ಕಾರಣಕ್ಕೆ ಬಿಟ್ಟೆ. ಮೂಟೆ ಹೋದರೆ ದೊಡ್ಡವರು ಪೊಲೀಸರನ್ನು ಕರೆಯುತ್ತಾರೆ, ಮಕ್ಕಳನ್ನು ಒಳಗೆ ಕೂರಿಸುತ್ತಾರೆ. ಅಲ್ಲಿಗೆ ಕಥೆ ಅವರ ಕೈತಪ್ಪಿತು. ಎರಡನೆಯದಾಗಿ, ಅಡಿಕೆ ಕದ್ದವನು ಯಾರು ಎಂದರೆ ಓದುವವರ ಕಣ್ಣು ಮೊದಲು ಹೋಗುವುದು ತೋಟದ ಆಳಿನ ಕಡೆಗೆ. ಅವನೇ ಕಳ್ಳ ಎಂದರೆ ಕಥೆ ಕೆಟ್ಟದ್ದು, ಅವನಲ್ಲ ಎಂದು ಕೊನೆಗೆ ತೋರಿಸಿದರೂ ಹತ್ತು ಅಧ್ಯಾಯ ಅವನ ಮೇಲೆ ಅನುಮಾನ ಹೊರಿಸಿದಂತಾಯಿತು. ನೀರು ನಿಂತರೆ ಈ ಎರಡೂ ತಂಟೆಯಿಲ್ಲ. ಅಜ್ಜ 'ಬೇಸಿಗೆ, ಅಬ್ಬಿ ಬತ್ತಿದೆ' ಎಂದು ಸುಮ್ಮನಾಗುತ್ತಾರೆ. ದೊಡ್ಡವರು ಸುಮ್ಮನಾದ ಜಾಗದಲ್ಲೇ ಮಕ್ಕಳಿಗೆ ಕೆಲಸ.

ಬರೆಯುವಾಗ ಉತ್ತರದಿಂದ ಹಿಂದಕ್ಕೆ ಬಂದೆ. ನೀರು ತಿರುಗಿಸುತ್ತಿರುವವರು ಅಜ್ಜಿ. ಕೆಳಗಿನ ಮನೆಯ ಬಾವಿ ಬತ್ತಿದೆ. ಬೇಲಿಯ ಜಗಳದಿಂದಾಗಿ ಅಜ್ಜನಿಗೂ ಆ ಮನೆಗೂ ಮಾತಿಲ್ಲ. ಹಿತ್ತಿಲಾಚೆ, ತೋಟದ ಅಂಚಿನಲ್ಲಿ ಪೈಪಿಗೊಂದು ಟೀ ಜಾಯಿಂಟು, ಅದಕ್ಕೆ ನೀರಿನ ದಾರಿ ಬದಲಿಸುವ ವಾಲ್ವು. ರಾತ್ರಿ ಊಟವಾದ ಮೇಲೆ ಅಜ್ಜಿ ಅದನ್ನು ಕೆಳಮನೆಯ ಕಡೆಗೆ ತಿರುಗಿಸಿ, ಹಾಲು ಕರೆಯುವ ಹೊತ್ತಿಗೆ ಮತ್ತೆ ಈ ಕಡೆಗೆ ತಿರುಗಿಸುತ್ತಾರೆ. ಮೊದಲ ಕರಡಿನಲ್ಲಿ ಅಜ್ಜಿಯನ್ನು ಗುಡ್ಡದ ಅಬ್ಬಿಯವರೆಗೂ ಕಳಿಸಿದ್ದೆ. ಎಪ್ಪತ್ತರ ಹೆಂಗಸು ಕತ್ತಲಲ್ಲಿ ದಿನಾ ಕಾಡು ಹತ್ತುವುದನ್ನು ಮಲೆನಾಡಿನ ಯಾವ ಮಗುವೂ ನಂಬುವುದಿಲ್ಲ. ಅದಕ್ಕೇ ಜಾಯಿಂಟು ಮನೆಯಿಂದ ನೂರು ಹೆಜ್ಜೆಗೆ ಇಳಿಯಿತು.

ಮೂವರಿಗೂ ಒಬ್ಬೊಬ್ಬರಿಗೆ ಒಂದೊಂದು ತಿಳಿವಳಿಕೆ ಕೊಟ್ಟು, ಮಿಕ್ಕಿದ್ದನ್ನು ಕಿತ್ತುಕೊಂಡೆ. ಹನ್ನೆರಡರ ಅನಘ ಬೆಂಗಳೂರಿನವಳು. ಟ್ಯಾಂಕರ್ ನೀರು ಕೊಳ್ಳುವ ಮನೆಯವಳಾದ್ದರಿಂದ ಲೀಟರಿನ ಲೆಕ್ಕ ಬಾಯಿಪಾಠ. ಅವಳ ಚಿಕ್ಕಪ್ಪನ ಮಗ ಸುಬ್ಬು, ಹತ್ತು ವರ್ಷ, ಊರಿನವನೇ. ಅತ್ತೆಯ ಮಗಳು ಪುಟ್ಟಿಗೆ ಎಂಟು. ಜಗಲಿಯಲ್ಲಿ ಮಲಗುತ್ತಾಳೆ, ಸಣ್ಣ ಸದ್ದಿಗೂ ಎಚ್ಚರವಾಗುತ್ತಾಳೆ. ತೊಡಕಾದದ್ದು ಸುಬ್ಬು. ತೋಟ ಬಲ್ಲ ಹುಡುಗ ಎರಡನೇ ಅಧ್ಯಾಯದಲ್ಲೇ ವಾಲ್ವು ನೋಡಿ ಮುಗಿಸಿಬಿಡಬೇಕಿತ್ತು. ಹಾಗಾಗಿ ಆ ವಾಲ್ವು ಅವನಿಗೆ ಹುಟ್ಟಿದಾಗಿನಿಂದ ಗೊತ್ತು ಎಂದು ಮಾಡಿದೆ. ದಿನಾ ಕಣ್ಣೆದುರಿಗಿರುವುದನ್ನು ಯಾರೂ ನೋಡುವುದಿಲ್ಲ. 'ಅದೆಂತಕ್ಕೆ ಅಲ್ಲಿದೆ?' ಎಂದು ಕೇಳುವವಳು ಅನಘ, ಅದೂ ಒಂಬತ್ತನೇ ಅಧ್ಯಾಯದಲ್ಲಿ.

ಸುಳಿವುಗಳ ವಿಷಯದಲ್ಲಿ ನಾನು ಹಿಡಿದ ಪಟ್ಟು ಒಂದೇ: ಪ್ರತಿ ಸುಳಿವೂ ಮೊದಲ ಸಲ ಬೇರೆ ಕೆಲಸಕ್ಕೆ ಬರಬೇಕು. ಉಂಬಳದ, ಅಂದರೆ ರಕ್ತ ಹೀರುವ ಕಾಡುಜಿಗಣೆಯ, ಸುಳಿವನ್ನೇ ನೋಡಿ. ಏಪ್ರಿಲ್ ಕೊನೆಗೆ ಒಣನೆಲದಲ್ಲಿ ಉಂಬಳ ಕಾಣುವುದಿಲ್ಲ, ಸದಾ ತೇವವಿರುವ ಕಡೆ ಮಾತ್ರ ಅಡಗಿರುತ್ತದೆ. ಊರಿನ ಮಗುವಿಗೆ ಇದು ಗೊತ್ತು, ಪೇಟೆಯ ಓದುಗನಿಗೆ ಗೊತ್ತಿಲ್ಲ. ಹಾಗಾಗಿ ಎರಡನೇ ಅಧ್ಯಾಯದಲ್ಲಿ ಕಾಡಿಗೆ ಹೋಗಲು ಅಂಜುವ ಅನಘಳಿಗೆ ಸುಬ್ಬು ನಗುತ್ತಾ ಹೇಳುತ್ತಾನೆ: 'ಮಳೆ ಬೀಳದೆ ಉಂಬಳ ಎಲ್ಲಿ ಬರ್ತದೆ ಅಕ್ಕಾ? ಕಚ್ಚಿದ್ರೂ ಸುಣ್ಣ ಮುಟ್ಟಿಸಿದ್ರೆ ಬಿಡ್ತದೆ.' ಓದುವವರಿಗೆ ಅದು ತಮಾಷೆ. ಐದನೆಯದರಲ್ಲಿ ಊಟದ ಮೇಲೆ ಎಲೆಯಡಿಕೆಯ ಕವಳ ಹಾಕಲು ಕೂತ ಅಜ್ಜನಿಗೆ ತಟ್ಟೆಯಲ್ಲಿ ಸುಣ್ಣದ ಡಬ್ಬಿ ಸಿಗುವುದಿಲ್ಲ, ಗೊಣಗುತ್ತಾರೆ. ಏಳರಲ್ಲಿ ಅಜ್ಜಿಯ ಸೀರೆಯಂಚಿನಲ್ಲಿ ಸಣ್ಣ ರಕ್ತದ ಕಲೆ. ಕತ್ತಿ ತಾಗಿತು ಎನ್ನುತ್ತಾರೆ. ಮೂರನ್ನೂ ಸೇರಿಸಿದರೆ, ಅಜ್ಜಿ ರಾತ್ರಿ ಒದ್ದೆ ನೆಲದಲ್ಲಿ ಓಡಾಡಿದ್ದಾರೆ. ವಾಲ್ವಿನ ಕೆಳಗಿನ ಬಸಿಗಾಲುವೆ ಒಂದೇ ಆ ಬೇಸಿಗೆಯಲ್ಲಿ ಒದ್ದೆ.

ಕೆಳಮನೆಯ ಬಸಳೆಯೂ ಹೀಗೆಯೇ. ನಾಲ್ಕನೇ ಅಧ್ಯಾಯದ ಊಟದಲ್ಲಿ ಬಸಳೆ ಹುಳಿ ಬರುತ್ತದೆ. 'ಕೆಳಗಿನ ಮನೆಯವಳು ಕೊಟ್ಟದ್ದು' ಎಂದು ಅಜ್ಜಿ ಮೆಲ್ಲಗೆ ಹೇಳುತ್ತಾರೆ. ಬಾವಿ ಬತ್ತಿದ ಮನೆಯಲ್ಲಿ ಬಸಳೆ ಹೇಗೆ ಚಿಗುರಿತು ಎಂದು ಆಗಲೇ ಕೇಳುವ ಓದುಗ ಗೆದ್ದ.

ಲೆಕ್ಕದ ಸುಳಿವೇ ನನಗೆ ಹೆಚ್ಚು ದಿನ ಹಿಡಿದದ್ದು. ಹಗಲಿನಲ್ಲಿ ಅನಘ 15 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡುತ್ತಾಳೆ: ತುಂಬಲು ಒಂದು ನಿಮಿಷ. ಮೂರು ದಿನ ಅಳೆದರೂ ಅಷ್ಟೇ, ಅಂದರೆ ಅಬ್ಬಿ ಬತ್ತಿಲ್ಲ. ಮುಳ್ಳುಹಂದಿ ಪೈಪು ಕಡಿದಿದೆ ಎಂಬ ಸುಬ್ಬುವಿನ ವಾದವೂ ಇಲ್ಲೇ ಬಿತ್ತು. ಕಡಿದ ಪೈಪು ಹಗಲೂ ಸೋರಬೇಕು. ಮುಂದಿನದು ತೊಟ್ಟಿ ತೊಳೆಯುವ ದಿನ. 2000 ಲೀಟರಿನ ತೊಟ್ಟಿಯನ್ನು ತಿಕ್ಕಿ ಖಾಲಿ ಬಿಡುತ್ತಾರೆ. ಬೆಳಿಗ್ಗೆ ಆರಕ್ಕೆ ಕೋಲು ಇಳಿಸಿದರೆ ಸರಿಯಾಗಿ ಅರ್ಧ. 1000 ಲೀಟರಿಗೆ ನಿಮಿಷಕ್ಕೆ 15ರಂತೆ 67 ನಿಮಿಷ. ಹಾಗಾದರೆ ನೀರು ಮರಳಿದ್ದು ಐದಕ್ಕೆ ಏಳು ನಿಮಿಷ ಮೊದಲು. ಆ ಹೊತ್ತಿಗೆ ಮನೆಯಲ್ಲಿ ಎದ್ದಿರುವವರು ಯಾರು?

ಕರಡು ಓದಿದ ಹನ್ನೊಂದರ ಹುಡುಗಿಯೊಬ್ಬಳು ಇಲ್ಲಿ ತೂತು ಹಿಡಿದಳು: ರಾತ್ರಿ ಮೊದಲು 67 ನಿಮಿಷ ಬಂದು ಆಮೇಲೆ ನಿಂತಿದ್ದರೂ ತೊಟ್ಟಿ ಅರ್ಧವೇ ತಾನೇ? ನಿಜ. ಎರಡು ಸಾಲು ಸೇರಿಸಬೇಕಾಯಿತು. ಮಲಗುವ ಮುಂಚೆ ಸುಬ್ಬು ಟಾರ್ಚು ಬಿಟ್ಟು ನೋಡುತ್ತಾನೆ, ತೊಟ್ಟಿಯ ತಳ ಬರೀ ಪಸೆ. ಇನ್ನೊಂದು ಪುಟ್ಟಿಯದು: ಕತ್ತಲಿರುವಾಗಲೇ 'ಪೈಪು ಕೆಮ್ಮಿತು' ಎನ್ನುತ್ತಾಳೆ. ಖಾಲಿ ಪೈಪಿಗೆ ನೀರು ನುಗ್ಗಿದಾಗ ಒಳಗಿನ ಗಾಳಿ ಬುಸುಗುಡುತ್ತಾ ಹೊರಬರುವ ಸದ್ದು ಅದು. ಮೊದಲು ಯಾರೂ ಅವಳನ್ನು ನಂಬುವುದಿಲ್ಲ, ದೆವ್ವ ಎಂದು ಸುಬ್ಬು ಹೆದರಿಸುತ್ತಾನೆ. ಎಂಟು ವರ್ಷದವಳಿಗೆ ಕಥೆಯಲ್ಲಿ ನಿಜವಾದ ಕೆಲಸ ಸಿಕ್ಕಿದ್ದು ಇಲ್ಲಿಯೇ. ಅಲ್ಲಿಯವರೆಗೆ ಅವಳು ಬರೀ ಬಾಲ.

ಉಳಿದದ್ದು ಕಾಲ. ಕಥೆಯನ್ನು ಏಪ್ರಿಲ್ 18ರಿಂದ ಒಂಬತ್ತು ದಿನಕ್ಕೆ ಬಿಗಿದೆ. ಅಶ್ವಿನಿ ಮಳೆ ಕೈಕೊಟ್ಟಿದೆ, ಏಪ್ರಿಲ್ 27ರ ಹೊತ್ತಿಗೆ ಭರಣಿ ಹುಟ್ಟುತ್ತದೆ. ಒಂದು ಜೋರು ಮಳೆ ಬಿದ್ದರೆ ಎಲ್ಲ ನೆಲವೂ ಒದ್ದೆ, ಎಲ್ಲರ ಕಾಲಿಗೂ ಉಂಬಳ; ಸುಳಿವುಗಳೆಲ್ಲ ಒಂದೇ ರಾತ್ರಿಗೆ ಅಳಿಸಿಹೋಗುತ್ತವೆ. ಸಂಜೆಯ ಗುಡುಗಿಗೆ ಮಕ್ಕಳು ಗಾಬರಿಯಾಗುವುದು ಇದಕ್ಕೆ. ಮೊಬೈಲ್ ವಿಷಯ ಒಂದೇ ವಾಕ್ಯ: ಗಾಳಿಗೆ ಕರೆಂಟು ಹೋಗಿ ಎರಡು ದಿನವಾಗಿದೆ.

ಹನ್ನೊಂದನೇ ಅಧ್ಯಾಯದಲ್ಲಿ ಮೂವರೂ ವಾಲ್ವಿನ ಹತ್ತಿರ ಅಜ್ಜಿಯನ್ನು ಕಾಣುತ್ತಾರೆ. ಅಜ್ಜನಿಗೆ ಹೇಳಬೇಕೋ ಬೇಡವೋ ಎಂಬ ಜಗಳವನ್ನು ಮೂರು ಪುಟ ಬೆಳೆಸಿದ್ದೆ, ಮುಕ್ಕಾಲು ಪುಟಕ್ಕೆ ಇಳಿಸಿದೆ. ಮಳೆಯನ್ನೂ ಅಲ್ಲೇ ಸುರಿಸಿದ್ದೆ. ಆದರೆ ಮಳೆ ಬಂದರೆ ಕೆಳಮನೆಯ ಕೊರತೆ ತೀರಿ ಯಾರೂ ಏನನ್ನೂ ತೀರ್ಮಾನಿಸಬೇಕಿಲ್ಲ ಎಂದಾಗುತ್ತದೆ. ಅದನ್ನು ಹನ್ನೆರಡನೆಯದಕ್ಕೆ ನೂಕಿದೆ. ಅದಕ್ಕೆ ಮುಂಚಿನ ಬೆಳಿಗ್ಗೆ ತೊಟ್ಟಿ ಮತ್ತೆ ಅರ್ಧವೇ ತುಂಬಿದೆ. ಅಜ್ಜ ಕೋಲು ಇಳಿಸಿ ನೋಡುತ್ತಾರೆ, ಅಜ್ಜಿಯ ಕಾಲು ನೋಡುತ್ತಾರೆ, ಸುಣ್ಣದ ಡಬ್ಬಿಯನ್ನು ಅವರ ಕಡೆಗೆ ಸರಿಸಿ ತೋಟಕ್ಕೆ ಹೊರಡುತ್ತಾರೆ.